ಕುಂಬಳಕಾಯಿ ಒಡೆದ ಸಂಜೆ, ಬೆಳಕಿನವರಿಗೆ ನಮಸ್ಕಾರ

ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ಸಂಜೆ. ನಿವೃತ್ತರಾಗುತ್ತಿದ್ದ ಹಿರಿಯ ಛಾಯಾಗ್ರಾಹಕರು ಮೈಕ್ ಹಿಡಿದು ಮೊದಲು ನೆನೆದದ್ದು ಲೈಟ್‌ಬಾಯ್‌ಗಳನ್ನು. ಯಾಕೆಂದು ವಿವರಿಸಲು 1959ರ ‘ಕಾಗಜ್ ಕೆ ಫೂಲ್’ ಚಿತ್ರವನ್ನು ಎತ್ತಿಕೊಂಡರು.

ಮೈಸೂರಿನ ವಿ.ಕೆ. ಮೂರ್ತಿ ಅದರ ಹಾಡೊಂದಕ್ಕೆ ಸ್ಟುಡಿಯೋದೊಳಗೆ ನಿಜವಾದ ಬಿಸಿಲಕೋಲನ್ನೇ ಇಳಿಸಿದ್ದರು. ಹೊರಗಿನ ದೊಡ್ಡ ಕನ್ನಡಿ ಬಿಸಿಲನ್ನು ಒಳಗಿನ ಇನ್ನೊಂದು ಕನ್ನಡಿಗೆ ಎಸೆಯುತ್ತದೆ. ಅದು ಕೆಳಕ್ಕೆ ತಿರುಗಿಸುತ್ತದೆ. ದೀಪದ ಬೆಳಕು ದೂರ ಹೋದಂತೆ ಹರಡುತ್ತದೆ. ಸೂರ್ಯಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ಹಾಗಾಗಿ ಕೋಲಿನ ಅಂಚು ಕೆಡುವುದಿಲ್ಲ. ಗಾಳಿಯಲ್ಲಿ ಹೊಗೆಯೋ ಧೂಳೋ ಇದ್ದರಷ್ಟೇ ಅದು ಕಣ್ಣಿಗೆ ಕಾಣುವುದು.

ಆದರೆ ಸೂರ್ಯ ನಿಲ್ಲುವವನಲ್ಲ. 4 ನಿಮಿಷಕ್ಕೆ ಸುಮಾರು 1 ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಮುಟ್ಟದೆ ಬಿಟ್ಟರೆ, 10 ಮೀಟರ್ ದೂರದಲ್ಲಿ ಬೆಳಕು ಹತ್ತಿರಹತ್ತಿರ 17 ಸೆಂಟಿಮೀಟರ್ ಜಾರಿರುತ್ತದೆ: ಮುಖದ ಮೇಲಿದ್ದದ್ದು ಭುಜಕ್ಕೆ ಇಳಿದಿರುತ್ತದೆ. ಅದನ್ನು ಗಮನಿಸಿ, ಶಾಟ್‌ಗೆ ಮುಂಚೆ ಕನ್ನಡಿಯನ್ನು ಎಳ್ಳಷ್ಟು ತಿರುಗಿಸುವ ಕೈ ಬೇರೊಬ್ಬರದು. ಈ ಮಾತು ನನಗೆ ಆಳವಾಗಿ ತಟ್ಟಿತು.

ಮೂರ್ತಿಯವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಅರ್ಹವಾಗಿಯೇ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಲೈಟ್‌ಬಾಯ್‌ಗೆ ಒಂದು ವಿಭಾಗವೂ ಇಲ್ಲ. ಸಿನಿಮಾ ಮುಗಿದಾಗ ಅವರ ಹೆಸರುಗಳು ಉರುಳುವ ತನಕ ದಯವಿಟ್ಟು ಕೂತಿರಿ.