ಜಾಣ ಕುರುಡು, ಕಿವಿಗಡಚಿಕ್ಕುವ ಮೌನ

ಕೆರೆಯಂಗಳಕ್ಕೆ ಹಾಡಹಗಲೇ ಲಾರಿಗಟ್ಟಲೆ ಮಣ್ಣು ಸುರಿದು ಒತ್ತುವರಿ ಮಾಡುತ್ತಿದ್ದರೂ ಕೇಳುವವರಿಲ್ಲ ಎಂದಾದರೆ, ಅದರ ಸುದ್ದಿಯಲ್ಲಿ ‘ಅಧಿಕಾರಿಗಳ ಜಾಣ ಕುರುಡು’ ಎಂಬ ಮಾತು ಬಂದೇ ಬರುತ್ತದೆ. ಓದಿದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಮ್ಮೆ ಬಿಡಿಸಿ ನೋಡೋಣ. ಕುರುಡು ಎಂದರೆ ಕಾಣದಿರುವುದು. ಅದು ಯಾರೂ ಬೇಕೆಂದು ತಂದುಕೊಂಡದ್ದಲ್ಲ. ಜಾಣತನವೆಂದರೆ ಬೇರೆಯವರಿಗಿಂತ ಮೊದಲೇ ಕಂಡುಕೊಳ್ಳುವುದು. ಹೀಗೆ ನೋಡಿದರೆ ಕಾಣದಿರುವುದರಲ್ಲಿ ಜಾಣತನ ಇರಲು ಸಾಧ್ಯವಿಲ್ಲ. ಎರಡು ಪದಗಳು ಒಂದನ್ನೊಂದು ಅಲ್ಲಗಳೆಯುತ್ತಿವೆ. ಅಲ್ಲಿಗೆ ಮನಸ್ಸು ಒಂದು ಕ್ಷಣ ತಡೆದು ನಿಂತು, ಮರುಕ್ಷಣವೇ ದಾರಿ ಹುಡುಕಿಕೊಳ್ಳುತ್ತದೆ: ಕಣ್ಣಿಗೆ ಎಲ್ಲವೂ ಕಂಡಿದೆ, ಕಂಡಿಲ್ಲ ಎಂದು ತೋರಿಸಿಕೊಳ್ಳುವುದರಲ್ಲಿ ಇವರಿಗೆ ಅನುಕೂಲವಿದೆ. ಒಂದು ಇಡೀ ಆರೋಪವನ್ನು ಎರಡು ಪದ ಹೊತ್ತು ತಂದವು.

ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಇಂಥ ಜೋಡಿಗೆ ಆಕ್ಸಿಮೋರಾನ್ ಎನ್ನುತ್ತಾರೆ. ಪರಸ್ಪರ ವಿರುದ್ಧವಾದ ಎರಡು ಪದಗಳನ್ನು ಒಂದೇ ಪದಗುಚ್ಛದಲ್ಲಿ ಕೂಡಿಸುವುದು ಎಂಬ ವಿವರಣೆ ಗೈಡುಗಳಲ್ಲಿ ಸಿಗುತ್ತದೆ. ಅದು ಸರಿಯೇ, ಆದರೆ ಅರ್ಧ ಮಾತ್ರ. ಆ ಅರ್ಧವನ್ನಷ್ಟೇ ಬಾಯಿಪಾಠ ಮಾಡಿದ ಮಕ್ಕಳು ಉದಾಹರಣೆ ಕೊಡಿ ಎಂದರೆ ಹಗಲಿರುಳು, ಸುಖದುಃಖ, ಲಾಭನಷ್ಟ ಎಂದು ಬರೆಯುತ್ತಾರೆ. ವಿರುದ್ಧ ಪದಗಳು ಜೊತೆಗಿವೆ ನಿಜ. ಆದರೂ ಇವು ಯಾವುವೂ ಆಕ್ಸಿಮೋರಾನ್ ಅಲ್ಲ.

ಏಕೆ ಅಲ್ಲ ಎಂಬುದನ್ನು ತಿಳಿಯಲು ಕನ್ನಡ ವ್ಯಾಕರಣದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಸುಖದುಃಖ ಎಂಬುದು ದ್ವಂದ್ವ ಸಮಾಸ. ಸುಖವೂ ದುಃಖವೂ ಎಂದು ಬಿಡಿಸುತ್ತೇವೆ. ಎರಡಕ್ಕೂ ಸಮಾನ ಸ್ಥಾನ. ಪಕ್ಕಪಕ್ಕದಲ್ಲಿ ಕುಳಿತಿವೆ, ಒಂದರ ತಂಟೆಗೆ ಇನ್ನೊಂದು ಹೋಗಿಲ್ಲ. ಜಾಣ ಕುರುಡಿನಲ್ಲಿ ಹಾಗಲ್ಲ. ಅಲ್ಲಿ ಜಾಣ ವಿಶೇಷಣ, ಕುರುಡು ವಿಶೇಷ್ಯ. ಎಂಥ ಕುರುಡು ಎಂದು ಕೇಳಿದರೆ ಜಾಣ ಎಂಬ ಉತ್ತರ ಬರುತ್ತದೆ. ಒಂದು ಪದ ತನ್ನ ವಿರೋಧಿಯ ಮೇಲೆಯೇ ಗುಣವಾಗಿ ಹತ್ತಿ ಕೂತಿದೆ. ‘ಮತ್ತು’ ಹಾಕಿ ಬಿಡಿಸಲು ಬಂದರೆ ದ್ವಂದ್ವ. ‘ಎಂಥ’ ಎಂದು ಕೇಳಿ ಬಿಡಿಸಬೇಕಾಗಿ ಬಂದರೆ ಆಕ್ಸಿಮೋರಾನ್ ಇರಬಹುದು. ಜೀವಂತ ಶವ, ಬಹಿರಂಗ ಗುಟ್ಟು, ಸಿಹಿ ನೋವು, ಜಾಣಪೆದ್ದ ಎಲ್ಲವೂ ಈ ಎರಡನೆಯ ಪರೀಕ್ಷೆಯಲ್ಲಿ ಗೆಲ್ಲುತ್ತವೆ.

ಈ ಪರೀಕ್ಷೆಯನ್ನು ನಿಜವಾಗಿ ಕಾಡುವ ಪದವೊಂದಿದೆ: ಸಿಹಿಕಹಿ. ಇಂಗ್ಲಿಷ್ ತರಗತಿಯಲ್ಲಿ ಮೊದಲು ಕೇಳಿಬರುವ ಉದಾಹರಣೆ ಬಿಟರ್‌ಸ್ವೀಟ್. ಅದನ್ನು ನಾವು ಸಿಹಿಕಹಿ ಎಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ ‘ಕಳೆದ ವರ್ಷದ ಸಿಹಿಕಹಿ ಘಟನೆಗಳು’ ಎಂದಾಗ ಕೆಲವು ಸಿಹಿ, ಕೆಲವು ಕಹಿ ಎಂದಷ್ಟೇ ಅರ್ಥ. ಎರಡು ಬುಟ್ಟಿಗೆ ಬೇರೆ ಬೇರೆಯಾಗಿ ಹಾಕಬಹುದು. ವಿರೋಧ ಎಲ್ಲಿ ಬಂತು? ಇದೇ ಪದವನ್ನು ಇನ್ನೊಂದು ಕಡೆ ಇಟ್ಟು ನೋಡಿ. ಮಗಳಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ. ಬಸ್ ಸ್ಟ್ಯಾಂಡಿನಲ್ಲಿ ಅವಳ ಬ್ಯಾಗನ್ನು ಮೇಲೆ ಏರಿಸಿಕೊಟ್ಟು ಅಪ್ಪ ಕೆಳಗಿಳಿದು ನಿಂತಿದ್ದಾರೆ. ಬಸ್ಸು ಹೊರಟಾಗ ಅವರಿಗೆ ಆಗುವುದು ಸಿಹಿಯೂ ಹೌದು ಕಹಿಯೂ ಹೌದು, ಆದರೆ ಬೇರೆ ಬೇರೆ ಬುಟ್ಟಿಗೆ ಹಾಕಲು ಬರುವುದಿಲ್ಲ. ಅವಳು ಹೋಗುತ್ತಿದ್ದಾಳೆ ಎಂಬ ಒಂದೇ ಸಂಗತಿ ಎರಡಕ್ಕೂ ಕಾರಣ. ಕಹಿಯನ್ನು ತೆಗೆಯಬೇಕೆಂದರೆ ಅವಳನ್ನು ನಿಲ್ಲಿಸಿಕೊಳ್ಳಬೇಕು, ಆಗ ಸಿಹಿಯೂ ಹೋಗುತ್ತದೆ. ಇಲ್ಲಿ ಸಿಹಿಕಹಿ ಎಂದರೆ ಅದು ಆಕ್ಸಿಮೋರಾನ್. ಪದ ಅದೇ, ಕೆಲಸ ಬೇರೆ. ಹಾಗಾಗಿ ಪದಗಳ ಪಟ್ಟಿಯನ್ನು ಬರೆಸಿ ಇವು ಆಕ್ಸಿಮೋರಾನ್‌ಗಳು ಎಂದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ವಾಕ್ಯವನ್ನು ನೋಡದೆ ಹೇಳಲು ಬರುವುದಿಲ್ಲ.

ಯುಗಾದಿಯ ಬೇವುಬೆಲ್ಲ? ಹೆಸರಿನಲ್ಲಿ ಅದು ದ್ವಂದ್ವವೇ. ನಾಲಿಗೆಯ ಮೇಲೆ ಏನಾಗುತ್ತದೆಂಬುದನ್ನು ತಿಂದವರೇ ಹೇಳಬೇಕು.

ಇನ್ನು ಕಿವಿಗಡಚಿಕ್ಕುವ ಮೌನ. ಗಡಚಿಕ್ಕುವುದು ಪಟಾಕಿಯ ಕೆಲಸ, ಡಿಜೆಯ ಕೆಲಸ. ಮೌನಕ್ಕೆ ಸದ್ದೇ ಇಲ್ಲದಿರುವಾಗ ಅದು ಕಿವಿಯನ್ನು ಏನು ಮಾಡೀತು? ಗ್ರಾಮಸಭೆಯೊಂದನ್ನು ಊಹಿಸಿಕೊಳ್ಳಿ. ನೂರು ಜನ ಸೇರಿದ್ದಾರೆ, ಮಾತು ಒಂದರ ಮೇಲೊಂದು ಬೀಳುತ್ತಿದೆ, ಕುರ್ಚಿ ಎಳೆಯುವ ಸದ್ದು, ಮಕ್ಕಳ ಅಳು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತು, ನನ್ನ ಗಂಡನ ಹೆಸರಿಗೆ ಬಂದ ಮನೆ ಯಾರ ಹೆಸರಿಗೆ ಹೋಯಿತು ಎಂದು ಕೇಳುತ್ತಾಳೆ. ಎಲ್ಲರಿಗೂ ಉತ್ತರ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತು ಕಿವಿಗೆ ಬೀಳದಿದ್ದ ಫ್ಯಾನಿನ ಕಿರ್ರೆನ್ನುವ ಸದ್ದು ಈಗ ಕೇಳುತ್ತದೆ. ಆ ಮೌನ ಬರೀ ಸದ್ದಿಲ್ಲದಿರುವಿಕೆಯಲ್ಲ. ಅಲ್ಲಿ ಒಂದು ಉತ್ತರ ಬರಬೇಕಿತ್ತು, ಬರಲಿಲ್ಲ. ಬಾರದ ಉತ್ತರ ಬಂದ ಮಾತುಗಳಿಗಿಂತ ಜೋರಾಗಿದೆ. ಕಿವಿಗಡಚಿಕ್ಕುವ ಎಂಬ ವಿಶೇಷಣ ಹೇಳುತ್ತಿರುವುದು ಸದ್ದಿನ ಪ್ರಮಾಣವನ್ನಲ್ಲ, ಕೂತವರು ಸಹಿಸಲಾರದ ಒತ್ತಡವನ್ನು. ಅದೇ ಮಾತನ್ನು ಬೆಳಗಿನ ಜಾವದ ಕಾಡಿನ ನಿಶ್ಶಬ್ದಕ್ಕೆ ಹಚ್ಚಿದರೆ ಸಪ್ಪೆಯಾಗುತ್ತದೆ. ಅಲ್ಲಿ ಯಾರೂ ಯಾವ ಉತ್ತರಕ್ಕೂ ಕಾಯುತ್ತಿಲ್ಲ.

ಗೈಡುಗಳು ಬಿಟ್ಟುಬಿಡುವ ಉಳಿದರ್ಧ ಇಲ್ಲಿದೆ. ವಿರೋಧ ಇದ್ದರೆ ಸಾಲದು, ಅದು ಬಗೆಹರಿಯಬೇಕು. ನಮ್ಮ ಅಲಂಕಾರಶಾಸ್ತ್ರದವರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಅವರು ಈ ಅಲಂಕಾರವನ್ನು ವಿರೋಧಾಭಾಸ ಎಂದರು: ವಿರೋಧದಂತೆ ತೋರಬೇಕು, ನಿಜದಲ್ಲಿ ವಿರೋಧ ಇರಬಾರದು. ಪರಿಹಾರವಿಲ್ಲದೆ ಉಳಿದ ವಿರೋಧ ಅಲಂಕಾರವಲ್ಲ, ದೋಷ. ಇಂಗ್ಲಿಷಿನಲ್ಲಿ ಎರಡು ಪದಗಳೊಳಗೆ ಮುಗಿಯುವುದು ಆಕ್ಸಿಮೋರಾನ್, ಒಂದು ಪೂರ್ತಿ ಹೇಳಿಕೆಗೆ ಹಬ್ಬಿದ್ದು ಪ್ಯಾರಡಾಕ್ಸ್ ಎಂದು ಬೇರೆ ಮಾಡುತ್ತಾರೆ. ನಮ್ಮಲ್ಲಿ ಎರಡಕ್ಕೂ ವಿರೋಧಾಭಾಸದ ಒಂದೇ ಚಾವಣಿ.

ಕನ್ನಡದ ಮಕ್ಕಳಿಗೆ ಇದಕ್ಕೆ ರನ್ನನೇ ಮೇಷ್ಟ್ರು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬರೆದ ಅವನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರಿನಲ್ಲಿದ್ದುಕೊಂಡೇ ಬೆವರುತ್ತಾನೆ. ಮೈತುಂಬ ತಣ್ಣೀರು ಸುತ್ತಿರುವಾಗ ಬೆವರೆಲ್ಲಿಂದ ಬರಬೇಕು? ಮುಳುಗಿದವನ ಬೆವರು ಕಾಣುವುದಾದರೂ ಹೇಗೆ? ರನ್ನ ಪರಿಹಾರವನ್ನು ದೂರ ಇಟ್ಟಿಲ್ಲ. ಅದೇ ಪದ್ಯದಲ್ಲಿ ದುರ್ಯೋಧನನ ಕಣ್ಣು ಕೋಪದಿಂದ ಕೆಂಪಾಗಿದೆ. ನೀರು ಹೊರಗಿನದು, ಉರಿ ಒಳಗಿನದು. ಬೆವರು ಹೊರಗಿನ ಸೆಕೆಗೆ ಬಂದದ್ದಲ್ಲ. ವಿರೋಧ ಅಲ್ಲಿಗೆ ಕರಗಿತು. ಆದರೆ ಕರಗುವ ಮುನ್ನ ಒಂದು ಸರೋವರದ ನೀರೆಲ್ಲ ಸೇರಿದರೂ ಆರಿಸಲಾಗದ ಸಿಟ್ಟು ಎಷ್ಟಿರಬೇಕು ಎಂಬ ಅಳತೆಯನ್ನು ನಮ್ಮ ಕೈಗೆ ಕೊಟ್ಟಿತು. ದುರ್ಯೋಧನನಿಗೆ ತುಂಬಾ ಕೋಪ ಬಂತು ಎಂದು ಹತ್ತು ಸಲ ಹೇಳಿದರೂ ಈ ಅಳತೆ ಸಿಗುತ್ತಿರಲಿಲ್ಲ.

ಹಾಗೆಂದು ವಿರೋಧವೆಲ್ಲ ಅಲಂಕಾರವಾಗುವುದಿಲ್ಲ. ಹೋಟೆಲಿನಲ್ಲಿ ಸ್ಟೀಲ್ ಗ್ಲಾಸು ಕೇಳುತ್ತೇವೆ. ಗ್ಲಾಸೆಂದರೆ ಗಾಜು ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ಬಾಯಲ್ಲಿ ಅದು ಲೋಟ. ಎಡವದೇ ದಾಟುವಂಥ ಕಡೆ ಆಕ್ಸಿಮೋರಾನ್ ಇಲ್ಲ. ಬಹಿರಂಗ ಗುಟ್ಟು ಕೂಡ ಬಳಸಿ ಬಳಸಿ ಆ ಸ್ಥಿತಿಗೆ ಬರುತ್ತಿದೆ. ಇನ್ನೊಂದು ತುದಿಯಲ್ಲಿ, ಹೊಸ ಕವಿಗಳು ಬೆಳಕಿನ ಕತ್ತಲು, ಉರಿಯುವ ಹಿಮ ಎಂದು ಬರೆದು ನಿಲ್ಲಿಸಿಬಿಡುತ್ತಾರೆ. ಯಾವ ಅರ್ಥದಲ್ಲಿ ಉರಿ, ಯಾವ ಅರ್ಥದಲ್ಲಿ ಹಿಮ ಎಂದು ಕೇಳಿದರೆ ಕವಿತೆಯಲ್ಲಿ ಉತ್ತರ ಇರುವುದಿಲ್ಲ. ಎಡವಿಸಿದ್ದಾರೆ, ಏಳಲು ಏನೂ ಕೊಟ್ಟಿಲ್ಲ.

ಈ ವ್ಯತ್ಯಾಸವನ್ನು ಶೇಕ್ಸ್‌ಪಿಯರ್ ಒಂದೇ ನಾಟಕದೊಳಗೆ ತೋರಿಸಿದ್ದಾನೆ. 1590ರ ದಶಕದ ರೋಮಿಯೋ ಅಂಡ್ ಜೂಲಿಯೆಟ್‌ನ ಮೊದಲ ಅಂಕದ ಮೊದಲ ದೃಶ್ಯದಲ್ಲಿ ರೋಮಿಯೋ ಪ್ರೇಮಜ್ವರದಲ್ಲಿ ಬಳಲುತ್ತಿದ್ದಾನೆ. ಜೂಲಿಯೆಟ್‌ಗಾಗಿ ಅಲ್ಲ, ಅವಳನ್ನು ಅವನಿನ್ನೂ ನೋಡಿಯೇ ಇಲ್ಲ. ಅವನನ್ನು ಒಲ್ಲದ ರೋಸಲೀನ್ ಎಂಬವಳಿಗಾಗಿ. ಅವನ ಬಾಯಿಂದ ಆಕ್ಸಿಮೋರಾನ್‌ಗಳು ಸಾಲುಸಾಲಾಗಿ ಉದುರುತ್ತವೆ: ಪ್ರೀತಿಗೆ ಜಗಳ, ದ್ವೇಷಕ್ಕೆ ಪ್ರೀತಿ, ಹಗುರಕ್ಕೆ ಭಾರ, ಬೆಂಕಿಗೆ ತಣ್ಪು, ಆರೋಗ್ಯಕ್ಕೆ ಕಾಯಿಲೆ. ಇಟಲಿಯ ಪೆಟ್ರಾರ್ಕ್ ಹದಿನಾಲ್ಕನೆಯ ಶತಮಾನದಲ್ಲಿ ಪ್ರೇಮಿಯ ಬಾಯಲ್ಲಿ ಇಟ್ಟ ಇಂಥ ಮಾತುಗಳು ಶೇಕ್ಸ್‌ಪಿಯರನ ಕಾಲಕ್ಕೆ ಸವೆದುಹೋಗಿದ್ದವು. ರೋಮಿಯೋ ಅನುಭವದಿಂದ ಮಾತನಾಡುತ್ತಿಲ್ಲ, ಓದಿದ ಕವಿತೆಗಳಿಂದ ಮಾತನಾಡುತ್ತಿದ್ದಾನೆ. ಇಷ್ಟೆಲ್ಲ ಹೇಳಿ ಗೆಳೆಯ ಬೆನ್ವೋಲಿಯೋನನ್ನು ನಿನಗೆ ನಗು ಬರುತ್ತಿಲ್ಲವೇ ಎಂದು ಅವನೇ ಕೇಳುತ್ತಾನೆ.

ಮೂರನೆಯ ಅಂಕದ ಎರಡನೆಯ ದೃಶ್ಯಕ್ಕೆ ಬನ್ನಿ. ಜೂಲಿಯೆಟ್‌ಗೂ ರೋಮಿಯೋಗೂ ಗುಟ್ಟಾಗಿ ಮದುವೆಯಾಗಿ ಕೆಲವೇ ಗಂಟೆ ಕಳೆದಿದೆ. ದಾದಿ ಓಡಿ ಬಂದು, ಅವಳ ಸೋದರ ಬಂಧು ಟಿಬಾಲ್ಟ್ ಸತ್ತ, ಕೊಂದವನು ರೋಮಿಯೋ ಎನ್ನುತ್ತಾಳೆ. ಜೂಲಿಯೆಟ್ ಕೂಡ ಅದೇ ಸಾಲು ಹಿಡಿಯುತ್ತಾಳೆ. ದೇವತೆಗೆ ಪಿಶಾಚಿ, ಪಾರಿವಾಳಕ್ಕೆ ಕಾಗೆ, ಸಂತನಿಗೆ ಪಾಪಿ ಅಂಟಿಕೊಂಡ ಮಾತುಗಳು. ಅಲಂಕಾರ ರೋಮಿಯೋ ಬಳಸಿದ್ದೇ. ಆದರೆ ಇವಳ ವಿರೋಧ ಪುಸ್ತಕದಿಂದ ಬಂದದ್ದಲ್ಲ. ಗಂಡ ಮತ್ತು ಕೊಲೆಗಾರ ಎಂಬ ಎರಡೂ ಮಾತು ಒಬ್ಬನಿಗೇ ಸಲ್ಲುತ್ತಿವೆ, ಎರಡೂ ನಿಜ, ಒಂದನ್ನು ಬಿಡಲು ಈ ಕ್ಷಣ ಅವಳಿಂದ ಆಗುತ್ತಿಲ್ಲ. ದ್ವಂದ್ವ ಸಮಾಸದಂತೆ ಪಕ್ಕಪಕ್ಕ ಇಟ್ಟು ಸಮಾಧಾನಪಡುವಂತೆಯೂ ಇಲ್ಲ.

ಆಗ ದಾದಿ, ಅವಳ ಪರವಾಗಿಯೇ ಎಂಬಂತೆ, ರೋಮಿಯೋಗೆ ನಾಚಿಕೆಯಾಗಲಿ ಎಂದು ಶಪಿಸುತ್ತಾಳೆ. ಜೂಲಿಯೆಟ್ ತಟ್ಟನೆ ದಾದಿಯ ಮೇಲೆ ತಿರುಗಿ ಬೀಳುತ್ತಾಳೆ. ಅಲ್ಲಿಂದಾಚೆಗೆ ಅವಳು ಲೆಕ್ಕ ಹಾಕಿ ಮಾತನಾಡುತ್ತಾಳೆ: ನನ್ನ ಗಂಡ ಕೊಲ್ಲದಿದ್ದರೆ ಟಿಬಾಲ್ಟನೇ ಅವನನ್ನು ಕೊಲ್ಲುತ್ತಿದ್ದ, ಗಂಡ ಬದುಕಿದ್ದಾನೆ, ಅಳುವುದೇಕೆ? ಅವಳು ಒಂದು ಪಕ್ಷ ಹಿಡಿದಾಯಿತು. ದೇವತೆ-ಪಿಶಾಚಿಯ ಆ ಜೋಡಿಗಳು ಅವಳ ಮಾತಿನಿಂದ ಅಲ್ಲಿಗೆ ನಿಂತುಹೋಗುತ್ತವೆ.