ನೋವು ನಿಂತರೆ ರೋಗಿ ನಾಪತ್ತೆ

ರೂಟ್ ಕೆನಾಲ್ ಮಾಡುವ ಹಲ್ಲಿನ ಡಾಕ್ಟರರಿಗೆ ಒಂದು ವಿಚಿತ್ರ ಕಷ್ಟವಿದೆ. ಮೊದಲ ಸಲಕ್ಕೇ ನೋವು ನಿಂತುಬಿಟ್ಟರೆ ಎರಡನೇ ಸಲಕ್ಕೆ ಕೆಲವರು ಬರುವುದೇ ಇಲ್ಲ. ಹಲ್ಲಿಗೆ ತುಂಬಿದ್ದು ತಾತ್ಕಾಲಿಕ ಸಿಮೆಂಟ್. ತಿಂಗಳುಗಟ್ಟಲೆ ಬಿಟ್ಟರೆ ಅದು ಸವೆದು ಸೋಂಕು ಮರಳಬಹುದು. ಇತ್ತ ಅವರಿಗೆಂದು ಎತ್ತಿಟ್ಟ ಒಂದು ಗಂಟೆ ಕುರ್ಚಿ ಖಾಲಿ.

ಮರೆತವರಿಗೆ ನೆನಪಿಸಿದರೆ ಸಾಕು, ಆದರೆ ಯಾವಾಗ ಎಂಬುದು ಮುಖ್ಯ. 11 ಗಂಟೆಯ ಭೇಟಿಗೆ 9ಕ್ಕೆ ಸಂದೇಶ ಕಳಿಸಿದರೆ, ‘ಬರೋಕಾಗಲ್ಲ’ ಎಂಬ ಉತ್ತರ ಬಂದರೂ ಬೇರೆಯವರನ್ನು ಕರೆಯಲು ಹೊತ್ತಿರದು. ಎರಡು ದಿನ ಮೊದಲು ವಾಟ್ಸ್ಆ್ಯಪ್‌ನಲ್ಲಿ ಕೇಳಿ, ಉತ್ತರಿಸದವರಿಗೆ ಮರುದಿನ ಫೋನ್ ಮಾಡುವುದು ಲೇಸು. ಸಂದೇಶದಲ್ಲಿ ದಿನ, ಸಮಯ ಸಾಕು. ಚಿಕಿತ್ಸೆಯ ವಿವರ ಬೇಡ. ಫೋನು ಮನೆಮಂದಿಯ ಕೈಗೂ ಸಿಗುತ್ತದಲ್ಲ!

ಮನಸ್ಸಿಲ್ಲದವರ ಮೇಲೆ ನೆನಪೋಲೆ ನಡೆಯದು. ಅಲ್ಲಿ ಮುಂಗಡ ಬೇಕು. ಉದಾಹರಣೆಗೆ, ಒಂದು ಗಂಟೆಯ ಭೇಟಿಗೆ 200 ರೂಪಾಯಿ ಯುಪಿಐಯಲ್ಲಿ ಪಡೆದು ಬಿಲ್ಲಿನಲ್ಲಿ ಕಳೆಯುವುದು. 24 ಗಂಟೆ ಮೊದಲೇ ತಿಳಿಸಿದರೆ ಪೂರ್ತಿ ವಾಪಸ್. ಈ ಷರತ್ತನ್ನು ದುಡ್ಡು ಪಡೆಯುವ ಮೊದಲೇ ಹೇಳಬೇಕು, ಇಲ್ಲದಿದ್ದರೆ ಜಗಳ ಖಚಿತ. ಹಲ್ಲುನೋವಿನಿಂದ ಒದ್ದಾಡುತ್ತ ಬಂದವರ ಹತ್ತಿರ ಮಾತ್ರ ಮುಂಗಡ ಕೇಳುವುದು ನನಗೆ ಒಪ್ಪಿಗೆಯಿಲ್ಲ.

ಮುಂಗಡಕ್ಕೂ ಮಿತಿಯಿದೆ. ‘ದುಡ್ಡು ಕೊಟ್ಟಾಯ್ತಲ್ಲ’ ಎಂದು ಕೆಲವರು ತಿಳಿಸುವ ಗೋಜಿಗೂ ಹೋಗರು. ಹಾಗಾಗಿ ರಿಜಿಸ್ಟರಿನಲ್ಲಿ ಬಾರದವರನ್ನೂ ಕೊನೆಗಳಿಗೆಯಲ್ಲಿ ರದ್ದು ಮಾಡಿದವರನ್ನೂ ಬೇರೆಬೇರೆ ಗುರುತಿಸಬೇಕು. ಎರಡನೆಯವರೇ ಹೆಚ್ಚುತ್ತಿದ್ದರೆ, ನೆನಪಿಸುವ ಸಂದೇಶ ತಡವಾಗಿ ಹೋಗುತ್ತಿದೆಯೇ ಎಂದು ಮೊದಲು ನೋಡಬೇಕು.