ಬೇಸಿನ್‌ಗೆ ಸಿಡಿದ ಹೇರ್ ಡೈ

ಬಟ್ಟಲಲ್ಲಿ ಆಗಷ್ಟೇ ಕಲಸಿದ ಹೇರ್ ಡೈ ಅಷ್ಟೇನೂ ಕಪ್ಪಗಿರುವುದಿಲ್ಲ. ಹೊತ್ತು ಕಳೆದಂತೆ ಕಂದಾಗಿ, ಆಮೇಲೆ ಕಡುಗಪ್ಪಾಗುತ್ತದೆ. ಪಿಪಿಡಿಯಂಥ ಬಣ್ಣವಿಲ್ಲದ ಸಣ್ಣ ಅಣುಗಳು ಹೈಡ್ರೋಜನ್ ಪೆರಾಕ್ಸೈಡ್ ಜತೆ ಸೇರಿ, ಒಂದಕ್ಕೊಂದು ಕೂಡಿ ದೊಡ್ಡ ಕಪ್ಪು ಅಣುಗಳಾಗುತ್ತವೆ. ಕೂದಲ ಒಳಗೆ ಹೀಗೆ ಬೆಳೆದ ಅಣು ಹೊರಗೆ ಬರಲಾರದು. ಡೈ ನಿಲ್ಲುವುದೇ ಹಾಗೆ. ಟವೆಲಿನ ನೂಲಿನಲ್ಲೂ ನಡೆಯುವುದು ಇದೇ. ಹಾಗಾಗಿ ತಲೆಗೆ ಹಚ್ಚಿ ಮುಗಿಯುವವರೆಗೆ ಕಾಯದೆ, ಸಿಡಿದ ಹನಿಯನ್ನು ಆಗಲೇ ಒರೆಸಿದರೆ ಅರ್ಧ ಕೆಲಸ ಮುಗಿದಂತೆ.

ಮೂರರಲ್ಲಿ ಸುಲಭದ್ದು ಪಿಂಗಾಣಿ ಬೇಸಿನ್. ಅದರ ಮೇಲ್ಮೈ ಗಾಜಿನಂಥ ಹೊಳಪಿನ ಲೇಪ, ಬಣ್ಣ ಒಳಗಿಳಿಯುವುದಿಲ್ಲ. ಹಸಿ ಹನಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಒಣಗಿದ್ದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಅಂಚಿನಿಂದ ನಡುವಿಗೆ ಒರೆಸಬೇಕು. ಉಳಿದ ನೆರಳಿಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಮೆತ್ತನೆಯ ಬಟ್ಟೆಯಿಂದ ತಿಕ್ಕಬಹುದು. ಸ್ಟೀಲ್ ನಾರು ಮಾತ್ರ ಬೇಡ. ಅದು ಮಾಡುವ ಗೀರುಗಳಲ್ಲೇ ಮುಂದಿನ ಸಲದ ಬಣ್ಣ ಕೂರುತ್ತದೆ.

ಟೈಲ್ಸ್ ಮೇಲೂ ಇದೇ ಕ್ರಮ. ತೊಂದರೆ ಕೊಡುವುದು ಸಂದಿಯಲ್ಲಿ ತುಂಬಿದ ಬಿಳಿ ಸಿಮೆಂಟ್. ಅದು ಸಣ್ಣ ರಂಧ್ರಗಳಿಂದ ಬಣ್ಣ ಹೀರುತ್ತದೆ. ಮೊದಲು ಡೈಯನ್ನೆಲ್ಲ ನೀರಿನಿಂದ ತೊಳೆದುಬಿಡಬೇಕು, ಏಕೆಂದರೆ ಹಲವು ಡೈಗಳಲ್ಲಿರುವ ಅಮೋನಿಯ ಬ್ಲೀಚ್‌ಗೆ ತಗುಲಿದರೆ ವಿಷಗಾಳಿ ಏಳುತ್ತದೆ. ಆಮೇಲೆ ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಐದು ಪಾಲು ನೀರು ಬೆರೆಸಿ, ಹಳೆಯ ಟೂತ್‌ಬ್ರಷ್‌ನಿಂದ ಸಂದಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಕಪ್ಪು ಕಲೆ ಕಂದಾಗಿ ತೆಳುವಾಗುತ್ತಿದ್ದರೆ ಬ್ಲೀಚ್ ಕೆಲಸ ಮಾಡುತ್ತಿದೆ ಎಂದರ್ಥ. ಇನ್ನೊಂದು ಸಲ ಹಚ್ಚಬಹುದು. ಬೇಗ ಹೋಗಲಿ ಎಂದು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯಲೇಬಾರದು. ಅದು ಸಿಮೆಂಟನ್ನು ತಿನ್ನುತ್ತದೆ, ಬ್ಲೀಚ್ ಜತೆ ಸೇರಿದರೆ ಕ್ಲೋರಿನ್ ಅನಿಲವಾಗುತ್ತದೆ.

ಕಾಟನ್ ಟವೆಲ್‌ಗೆ ಬಿದ್ದಾಗ ಜನ ತಪ್ಪುವುದು ಮೊದಲ ಹೆಜ್ಜೆಯಲ್ಲೇ. ಬಿಸಿ ನೀರಿಗೆ ಹಾಕಿದರೆ ಬಣ್ಣ ಕಟ್ಟುವ ಕ್ರಿಯೆ ಇನ್ನೂ ಚುರುಕಾಗುತ್ತದೆ. ಹಸಿ ಕಲೆಗೆ ಪೆರಾಕ್ಸೈಡ್ ಹಾಕಿದರೂ ಅಷ್ಟೇ, ಡೈಯನ್ನು ಕಪ್ಪಾಗಿಸುವುದೇ ಅದು. ಟವೆಲನ್ನು ತಿರುವಿ ಹಿಡಿದು, ಕಲೆಯ ಹಿಂಬದಿಗೆ ತಣ್ಣೀರು ಬಿಡಬೇಕು; ಆಗ ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ನೀರು ತಿಳಿಯಾದ ಮೇಲೆ ಡಿಟರ್ಜೆಂಟ್ ಹಚ್ಚಿ ಜಾಲಿಸಬೇಕು.

ಆಮೇಲೂ ಉಳಿದ ಕಲೆಗೆ ಆಕ್ಸಿಜನ್ ಬ್ಲೀಚ್ ಪುಡಿ, ಅಂದರೆ ಸೋಡಿಯಂ ಪರ್ಕಾರ್ಬೊನೇಟ್. ಪ್ಯಾಕೆಟ್‌ನಲ್ಲಿ ಹೇಳಿದ ಅಳತೆಯಷ್ಟನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿದರೆ ಗಟ್ಟಿ ಬಣ್ಣವೂ ಸಾಕಷ್ಟು ಒಡೆಯುತ್ತದೆ. ಬಣ್ಣದ ಟವೆಲ್ ಆದರೆ ಮೊದಲು ಅಂಚಿನಲ್ಲಿ ಪರೀಕ್ಷಿಸಬೇಕು. ಕ್ಲೋರಿನ್ ಬ್ಲೀಚ್ ಬಿಳಿ ಟವೆಲಿಗೆ ಮಾತ್ರ. ಬಣ್ಣದ್ದಕ್ಕೆ ಹಾಕಿದರೆ ಕಪ್ಪು ಕಲೆಯ ಜಾಗದಲ್ಲಿ ಬಿಳಿ ಕಲೆ ಬರುತ್ತದೆ. ಎರಡು ಸಲ ನೆನೆಸಿದರೂ ಕಂದು ಗುರುತು ಹಾಗೇ ಇದ್ದರೆ ಬಣ್ಣ ನೂಲಿನೊಳಗೇ ನಿಂತಿದೆ. ಇನ್ನೂ ತಿಕ್ಕಿದರೆ ಟವೆಲ್ ಸವೆಯುತ್ತದೆಯೇ ಹೊರತು ಕಲೆ ಹೋಗದು. ಅದನ್ನು ಮುಂದೆ ಡೈ ಹಚ್ಚುವಾಗ ಹೆಗಲ ಮೇಲೆ ಹೊದೆಯಲು ಇಟ್ಟುಕೊಳ್ಳಬಹುದು.